ಜರ್ಮನಿಗೆ ಅರ್ಜಿ ಹಾಕುವಾಗ ಬ್ಯಾಕ್ ಇರುವ ಮಾರ್ಕ್ಸ್ ಕಾರ್ಡನ್ನು ಏನು ಮಾಡಬೇಕು

ಪ್ರತಿ ವರ್ಷ ಮೇ ತಿಂಗಳು ಬಂದರೆ ಜರ್ಮನಿಯಲ್ಲಿರುವ ನನಗೆ ಊರಿನ ಕಡೆಯ ಹುಡುಗರ ಫೋನು ಶುರುವಾಗುತ್ತದೆ. ಐಇಎಲ್‌ಟಿಎಸ್, ಬ್ಲಾಕ್ಡ್ ಅಕೌಂಟ್, ವೀಸಾ ಸ್ಲಾಟ್ ಬಗ್ಗೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೆಲ್ಲ ಮಾತಾಡಿ ಮುಗಿಸಿದ ಮೇಲೆ ಸ್ವಲ್ಪ ಸುಮ್ಮನಾಗಿ, ಆಮೇಲೆ ಕೇಳುತ್ತಾರೆ: "ಅಣ್ಣಾ, ಎರಡು ಬ್ಯಾಕ್ ಇತ್ತು. ಕ್ಲಿಯರ್ ಆಗಿದೆ. ಹೇಳಬೇಕಾ?"

ಹೇಳಬೇಕು. ಆದರೆ ಎಲ್ಲಿ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. ನಾನೂ ಎಡವಿದ್ದೆ. ಅದಕ್ಕೆ ಒಂದು ವರ್ಷ ಕಳೆದುಕೊಂಡೆ.

ನನ್ನದು ವಿಟಿಯು ಮೆಕ್ಯಾನಿಕಲ್, 2011ರ ಬ್ಯಾಚ್. ಮೂರನೇ ಸೆಮಿಸ್ಟರಿನ ಗಣಿತ, ಅಂದರೆ ಎಂ3, ಮೊದಲ ಸಲ ಹೋಯಿತು. 2013ರ ಜೂನ್‌ನಲ್ಲಿ ಮತ್ತೆ ಬರೆದೆ, ಮತ್ತೆ ಹೋಯಿತು. ಮೂರನೇ ಸಲ ಪಾಸಾಯಿತು. 2016ರಲ್ಲಿ ಮಾಸ್ಟರ್ಸ್‌ಗೆ ಅರ್ಜಿ ಹಾಕುವಾಗ ನಡುವಿನ ಆ ಫೇಲ್ ಕಾರ್ಡನ್ನು ನಾನು ಕಳಿಸಲಿಲ್ಲ. "ಪಾಸಾದ ಕಾರ್ಡ್ ಇದೆಯಲ್ಲ, ಫೇಲ್ ಆಗಿದ್ದು ಅವರಿಗೆ ಯಾಕೆ" ಅಂತ ಗೆಳೆಯರೂ ಹೇಳಿದ್ದರು. ಸುಳ್ಳು ಹೇಳುತ್ತಿದ್ದೇನೆ ಅಂತ ಆಗ ಅನ್ನಿಸಲೇ ಇಲ್ಲ.

ಜುಲೈ ಮೊದಲ ವಾರ ಒಂದು ವಿಶ್ವವಿದ್ಯಾಲಯದ ಪ್ರವೇಶ ಕಚೇರಿಯಿಂದ ನಾಲ್ಕು ಸಾಲಿನ ಮೇಲ್ ಬಂತು. ನನ್ನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಮೂರನೇ ಸೆಮಿಸ್ಟರಿನ ಉಳಿದ ವಿಷಯಗಳ ಎದುರು ಪಾಸಾದ ತಿಂಗಳು ಡಿಸೆಂಬರ್ 2012 ಅಂತ ಇತ್ತು. ಎಂ3 ಎದುರು ಮಾತ್ರ ಡಿಸೆಂಬರ್ 2013. "ಈ ವಿಷಯದ ಎಲ್ಲ ಪರೀಕ್ಷೆಗಳ ಅಂಕಪಟ್ಟಿ ಕಳಿಸಿ" ಅಂತ ಕೇಳಿದ್ದರು. ಆ ಕಾರ್ಡ್ ಹಾಸನದ ಮನೆಯಲ್ಲೂ ಸಿಗಲಿಲ್ಲ, ಬೇಡದ್ದು ಅಂತ ಎಲ್ಲೋ ಎಸೆದಿದ್ದೆ. ಕಾಲೇಜಿನ ಮೂಲಕ ಡೂಪ್ಲಿಕೇಟ್‌ಗೆ ಅರ್ಜಿ ಕೊಟ್ಟು, ಅದು ಕೈಗೆ ಬರುವಷ್ಟರಲ್ಲಿ ಆರು ವಾರ. ಜುಲೈ 15ರ ಗಡುವು ಅಷ್ಟರಲ್ಲಿ ಮುಗಿದುಹೋಗಿತ್ತು. ಆ ಕೋರ್ಸಿಗೆ ಚಳಿಗಾಲದ ಸೆಮಿಸ್ಟರಿಗೆ ಮಾತ್ರ ಪ್ರವೇಶ. ಹಾಗಾಗಿ ಮುಂದಿನ ವರ್ಷ ಎಲ್ಲ ಶುಲ್ಕ ಮತ್ತೆ ಕಟ್ಟಿ ಮೊದಲಿಂದ ಶುರು ಮಾಡಿದೆ.

ಎರಡನೇ ಸಲ ಮೂರೂ ಕಾರ್ಡ್ ಜೋಡಿಸಿ ಕಳಿಸಿದೆ. ಅದೇ ಕಚೇರಿ, ಅದೇ ಕೋರ್ಸ್, ಸೀಟು ಸಿಕ್ಕಿತು. ಅವರನ್ನು ತಡೆದದ್ದು ಫೇಲ್ ಆಗಿದ್ದಲ್ಲ, ಕಾಗದ ಪೂರ್ತಿ ಇಲ್ಲದಿದ್ದದ್ದು.

ಈಗ ಇದು ಇನ್ನೂ ಬಿಗಿಯಾಗಿದೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಅನ್ನುವ ಜರ್ಮನ್ ಕಚೇರಿಯ ಪ್ರಮಾಣಪತ್ರ ಕಡ್ಡಾಯ. ಅಲ್ಲಿ ನಿಮ್ಮ ಕಾಗದಗಳನ್ನು ಪರಿಶೀಲಿಸುವುದೇ ಅವರ ಕೆಲಸ. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ಪ್ರತಿ ಸೆಮಿಸ್ಟರಿನ, ಪ್ರತಿ ಸಲದ ಮಾರ್ಕ್ಸ್ ಕಾರ್ಡ್ ನೆಲದ ಮೇಲೆ ಹರಡಿ, ತಿಂಗಳು-ವರ್ಷದ ಪ್ರಕಾರ ಜೋಡಿಸಿ. ಒಂದು ವಿಷಯಕ್ಕೆ ಮೂರು ಸಲ ಕೂತಿದ್ದರೆ ಮೂರು ಕಾಗದ ಇರಬೇಕು. ಎರಡೇ ಇದ್ದರೆ ನಾಳೆಯೇ ಕಾಲೇಜಿಗೆ ಹೋಗಿ. ಜೂನ್‌ವರೆಗೆ ಕಾಯಬೇಡಿ.

ಕಾಗದ ಆಯಿತು. ಇನ್ನು ಅಂಕ. ಇಲ್ಲಿ ನಿಮ್ಮ ಸಿಜಿಪಿಎ ಹಾಗೇ ನೋಡುವುದಿಲ್ಲ, ಜರ್ಮನ್ ಗ್ರೇಡಿಗೆ ಬದಲಾಯಿಸುತ್ತಾರೆ. 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಅಂದರೆ ಬರೀ ಪಾಸು. ಸೂತ್ರ ಇದು:

```
x = 1 + 3 × (Nmax − N) / (Nmax − Nmin)
```

`Nmax` ಅಂದರೆ ಸಿಗಬಹುದಾದ ಗರಿಷ್ಠ, `N` ನಿಮ್ಮದು, `Nmin` ಪಾಸಾಗಲು ಬೇಕಾದ ಕನಿಷ್ಠ. ಎಲ್ಲರೂ ತಪ್ಪುವುದು ಈ ಕೊನೆಯದರಲ್ಲಿ. ಸಿಜಿಪಿಎ 10ಕ್ಕೆ 6.9 ಅಂತ ಇಟ್ಟುಕೊಳ್ಳಿ. ಕನಿಷ್ಠ 4 ಅಂತ ಹಾಕಿದರೆ 2.55 ಬರುತ್ತದೆ. ಇಲ್ಲಿ ಒಂದೇ ದಶಾಂಶ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ರೂಢಿ, ಅಂದರೆ 2.5. ಕನಿಷ್ಠ 5 ಅಂತ ಹಾಕಿದರೆ ಅದೇ ಹುಡುಗನ ಗ್ರೇಡು 2.8. ಸುಮಾರು ಕೋರ್ಸುಗಳ ಗೆರೆ 2.5ರಲ್ಲಿ ಇರುತ್ತದೆ. ಅಂದರೆ ಒಂದೇ ಒಂದು ಅಂಕಿ ನಿಮ್ಮನ್ನು ಒಳಗೆ ಬಿಡಬಹುದು, ಹೊರಗೂ ನಿಲ್ಲಿಸಬಹುದು. ಒಂದು ವಿಷಯ ಪಾಸಾಗಲು ಬೇಕಾದ ಕನಿಷ್ಠವೇ ಬೇರೆ, ಡಿಗ್ರಿ ಸಿಗಲು ಬೇಕಾದ ಕನಿಷ್ಠ ಸಿಜಿಪಿಎಯೇ ಬೇರೆ ಇರಬಹುದು. ನಿಮ್ಮ ಸ್ಕೀಮಿನ ನಿಯಮ ಓದಿ, ಎರಡೂ ರೀತಿ ಲೆಕ್ಕ ಹಾಕಿ. ಯಾವುದನ್ನು ಹಿಡಿಯುತ್ತೀರಿ ಅಂತ ಆ ಕೋರ್ಸಿನ ಕಚೇರಿಗೇ ಮೇಲ್ ಮಾಡಿ ಕೇಳಿ. ಗೆರೆ ದಾಟದ ಕಡೆ ಎಷ್ಟೇ ಚೆನ್ನಾಗಿ ಪತ್ರ ಬರೆದರೂ ಅದನ್ನು ಯಾರೂ ಓದುವುದಿಲ್ಲ. ಆ ಶುಲ್ಕ ಉಳಿಸಿ.

ಗೆರೆ ದಾಟಿದವರ ಪತ್ರವನ್ನು ಮಾತ್ರ ಪ್ರೊಫೆಸರ್‌ಗಳು ಓದುತ್ತಾರೆ. ಮೋಟಿವೇಶನ್ ಲೆಟರ್ ಅನ್ನುವುದು ಒಂದು ಪುಟ, ಹೆಚ್ಚೆಂದರೆ ಎರಡು. ಅದರಲ್ಲಿ ನಮ್ಮವರು ಏನು ಬರೆಯುತ್ತಾರೆ ಅಂತ ಹೇಳುತ್ತೇನೆ.

ಹೋದ ವರ್ಷ ದಾವಣಗೆರೆ ಕಡೆಯ ಹುಡುಗನೊಬ್ಬ ತನ್ನ ಪತ್ರ ಕಳಿಸಿದ್ದ. ಎಲೆಕ್ಟ್ರಾನಿಕ್ಸ್, ಮೇಲೆ ಹೇಳಿದ 6.9 ಅವನದೇ. ಎಂ3 ಒಂದು ಸಲ, ನಾಲ್ಕನೇ ಸೆಮಿಸ್ಟರಿನ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಎರಡು ಸಲ ಹೋಗಿತ್ತು. ಆಮೇಲೆ ಎರಡು ವರ್ಷ ಬೆಂಗಳೂರಲ್ಲಿ ಕಾರುಗಳ ರೇಡಾರ್ ಸಾಫ್ಟ್‌ವೇರ್ ಕೆಲಸ ಮಾಡಿದ್ದ. ಪತ್ರದ ಮೊದಲ ಪ್ಯಾರಾದಲ್ಲೇ ಅಜ್ಜಿಯ ಕಾಯಿಲೆ, ಹಾಸ್ಟೆಲ್ ಊಟ, ಪೇಪರ್ ಕಟ್ಟುನಿಟ್ಟಾಗಿ ತಿದ್ದಿದ್ದು. ಎರಡನೇ ಪ್ಯಾರಾದಲ್ಲಿ ಕ್ಷಮೆ. ರೇಡಾರ್ ಅನ್ನುವ ಮಾತು ಕೊನೆಯ ಸಾಲಿನಲ್ಲಿತ್ತು!

ಅಜ್ಜಿಯ ಕಾಯಿಲೆ ನಿಜ. ಅದು ನನಗೂ ಗೊತ್ತು. ಆದರೆ ಓದುವ ಪ್ರೊಫೆಸರ್ ಒಂದೇ ಪ್ರಶ್ನೆ ಇಟ್ಟುಕೊಂಡು ಕೂತಿರುತ್ತಾರೆ: ನಮ್ಮ ಮೊದಲ ಸೆಮಿಸ್ಟರಿನ ಗಣಿತ ಈ ಹುಡುಗನಿಗೆ ಆಗುತ್ತದಾ? ಯಾಕೆ ಫೇಲ್ ಆದ ಅನ್ನುವುದಕ್ಕಿಂತ, ಆ ಹಳ್ಳ ಈಗ ಮುಚ್ಚಿದೆಯಾ ಅನ್ನುವುದು ಅವರಿಗೆ ಮುಖ್ಯ.

ಹಾಗಾಗಿ ನಾವು ಅವನ ಕಾರ್ಡುಗಳನ್ನು ಹರಡಿಕೊಂಡು ಕೂತೆವು. ಎಂ3ಯಲ್ಲಿ ಏನಿರುತ್ತದೆ? ಫೂರಿಯರ್ ಸರಣಿ, ಫೂರಿಯರ್ ಟ್ರಾನ್ಸ್‌ಫಾರ್ಮ್, ಝಡ್ ಟ್ರಾನ್ಸ್‌ಫಾರ್ಮ್. ಸಿಗ್ನಲ್ಸ್ ನಿಂತಿರುವುದೂ ಅದರ ಮೇಲೆಯೇ. ಅಂದರೆ ಅವನಿಗೆ ಮೂರು ಬೇರೆ ಬೇರೆ ಸೋಲು ಇರಲಿಲ್ಲ, ಒಂದೇ ಹಳ್ಳಕ್ಕೆ ಮೂರು ಸಲ ಬಿದ್ದಿದ್ದ. ಐದನೇ ಸೆಮಿಸ್ಟರಿನ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಅಂದರೆ ಡಿಎಸ್‌ಪಿ, ನಿಂತಿರುವುದೂ ಅದೇ ಗಣಿತದ ಮೇಲೆ. ಅದರಲ್ಲಿ ಅವನಿಗೆ 80 ದಾಟಿತ್ತು, ಮೊದಲ ಸಲಕ್ಕೇ. ಇದು ಅವನ ಕಾರ್ಡಿನಲ್ಲೇ ಇತ್ತು. ಅವನೇ ಗಮನಿಸಿರಲಿಲ್ಲ.

ಪತ್ರವನ್ನು ತಿರುಗಿಸಿ ಬರೆದೆವು. ಮೊದಲು ರೇಡಾರ್ ಕೆಲಸ, ಅಲ್ಲಿ ಅವನು ಬರೆದ ಒಂದು ಫಿಲ್ಟರ್, ಅದರಲ್ಲಿ ತನಗೆ ಎಟುಕದೆ ಉಳಿದ ಭಾಗ. ಆಮೇಲೆ ಆ ಭಾಗ ಈ ಕೋರ್ಸಿನ ಯಾವ ಎರಡು ಮಾಡ್ಯೂಲಿನಲ್ಲಿದೆ ಅನ್ನುವುದು. ಪತ್ರದ ಮುಕ್ಕಾಲು ಭಾಗಕ್ಕೆ ಬಂದ ಮೇಲೆ ಬ್ಯಾಕ್ ವಿಷಯ. ಪತ್ರ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಅದು ಹೀಗೆ:

"ನನ್ನ ಅಂಕಪಟ್ಟಿಯಲ್ಲಿ ಮೂರು ಅನುತ್ತೀರ್ಣ ಪ್ರಯತ್ನಗಳಿವೆ: ಗಣಿತ 3ರಲ್ಲಿ ಒಂದು, ಸಿಗ್ನಲ್ಸ್‌ನಲ್ಲಿ ಎರಡು. ಮೂರಕ್ಕೂ ಕಾರಣ ನನಗೆ ಟ್ರಾನ್ಸ್‌ಫಾರ್ಮ್‌ಗಳು ಅರ್ಥವಾಗದೇ ಇದ್ದದ್ದು. ಎರಡನೇ ವರ್ಷದ ರಜೆಯಲ್ಲಿ ಅದನ್ನು ಮೊದಲಿಂದ ಕಲಿತೆ. ಮುಂದೆ ಅದೇ ಗಣಿತದ ಮೇಲೆ ನಿಂತ ಡಿಎಸ್‌ಪಿಯಲ್ಲಿ 82 ಅಂಕ ಬಂತು, ಈಗಿನ ಕೆಲಸದಲ್ಲಿ ಅದನ್ನು ದಿನವೂ ಬಳಸುತ್ತೇನೆ."

ನಾಲ್ಕೇ ವಾಕ್ಯ. ಸಂಖ್ಯೆ ಇದೆ, ಕಾರಣ ಇದೆ, ತೋರಿಸಲು ಕಾಗದ ಇದೆ. ಕ್ಷಮೆ ಇಲ್ಲ. ಅಜ್ಜಿಯ ವಿಷಯ ಬಿಟ್ಟೆವು. ಅವನು ಪರೀಕ್ಷೆಗೆ ಹೋಗಲಾಗದೆ ಆಸ್ಪತ್ರೆಯಲ್ಲೇ ಇದ್ದಿದ್ದರೆ, ಅದಕ್ಕೆ ಕಾಗದವೂ ಇದ್ದಿದ್ದರೆ, ಒಂದು ವಾಕ್ಯ ಬರೆಯಬಹುದಿತ್ತು. ಕಾಗದ ಇಲ್ಲದ ಕಾರಣ ಬರೆಯಬೇಡಿ.

ಇನ್ನೊಂದು ಕೆಲಸ ಮಾಡಿಸಿದೆ. ಶಿಫಾರಸು ಪತ್ರವನ್ನು ಎಚ್‌ಒಡಿ ಹತ್ತಿರ ತೆಗೆದುಕೊಳ್ಳಬೇಕು ಅಂತ ಅವನು ಹೊರಟಿದ್ದ. ಬೇಡ ಅಂದೆ. ಸಿಗ್ನಲ್ಸ್ ಹೇಳಿಕೊಟ್ಟ ಮೇಡಮ್ಮೇ ಮುಂದೆ ಡಿಎಸ್‌ಪಿಯನ್ನೂ ಹೇಳಿಕೊಟ್ಟಿದ್ದರು. ಅವನು ಬಿದ್ದದ್ದನ್ನೂ ಎದ್ದದ್ದನ್ನೂ ನೋಡಿದವರು ಅವರೊಬ್ಬರೇ. ಅವರು ಬರೆದ ಅರ್ಧ ಪುಟಕ್ಕೆ, ಹೆಸರು ಮಾತ್ರ ಬದಲಾಯಿಸಿ ಕೊಡುವ ಎಚ್‌ಒಡಿ ಪತ್ರಕ್ಕಿಂತ ತೂಕ ಜಾಸ್ತಿ.

ಎರಡೂ ಲೆಕ್ಕದಲ್ಲಿ ಗೆರೆ ದಾಟುವ ನಾಲ್ಕು ಕಡೆ ಮಾತ್ರ ಅರ್ಜಿ ಹಾಕಿದ. ಒಂದು ಕಡೆಯಿಂದ ಕರೆ ಬಂತು. ಸಂದರ್ಶನದಲ್ಲಿ ಬ್ಯಾಕ್ ಬಗ್ಗೆ ಒಂದೇ ಪ್ರಶ್ನೆ, ಅದೂ ಝಡ್ ಟ್ರಾನ್ಸ್‌ಫಾರ್ಮ್ ಬಗ್ಗೆ. ಪೆನ್ನು ಹಿಡಿದು ಬಿಡಿಸಿ ತೋರಿಸಿದನಂತೆ.

ನಾವು ಊರಲ್ಲಿ ಕುಳಿತು ಊಹಿಸುವಂತೆ ಇಲ್ಲಿನವರು ಫೇಲ್ ಅನ್ನುವುದನ್ನು ನೋಡಿ ಹೌಹಾರುವುದಿಲ್ಲ. ಇಲ್ಲಿ ಗಣಿತದ ಪೇಪರಿನಲ್ಲಿ ಸುಮಾರು ಜನ ಬೀಳುತ್ತಾರೆ, ಅದು ಮಾಮೂಲಿ. ಆದರೆ ಪ್ರಯತ್ನಗಳ ಸಂಖ್ಯೆಯನ್ನು ಅವರು ಬೇರೆ ಕಣ್ಣಲ್ಲಿ ನೋಡುತ್ತಾರೆ. ಇಲ್ಲಿ ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಸಲ ಮಾತ್ರ ಅವಕಾಶ. ಕಡ್ಡಾಯ ವಿಷಯದಲ್ಲಿ ಕೊನೆಯ ಸಲವೂ ಬಿದ್ದರೆ ಹೆಸರು ತೆಗೆಯುತ್ತಾರೆ, ಅದೇ ಕೋರ್ಸನ್ನು ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಓದಲು ಬಿಡುವುದಿಲ್ಲ. ಹಾಗಾಗಿ ಐದು ಸಲ ಬರೆದ ಎಂ4 ಕಂಡರೆ ಅವರಿಗೆ ಗೊಂದಲವಾಗುತ್ತದೆ. ನಮ್ಮಲ್ಲಿ ಹಲವು ಸಲ ಬರೆಯಬಹುದು ಅನ್ನುವುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಮೂರಕ್ಕಿಂತ ಜಾಸ್ತಿ ಇದ್ದರೆ "ನಮ್ಮ ನಿಯಮದಲ್ಲಿ ಮರುಪರೀಕ್ಷೆಗೆ ಅವಕಾಶ ಇತ್ತು, ಇಷ್ಟನೇ ಸಲಕ್ಕೆ ಮುಗಿಸಿದೆ" ಅಂತ ಒಂದು ವಾಕ್ಯ ಸೇರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಈ ವಿಷಯದಲ್ಲಿ ನಮ್ಮ ಪದ್ಧತಿಯೇ ದಯೆ ಇರುವುದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೂರು ಸಲ ಬಿದ್ದವನಿಗೆ ಈ ವಿದ್ಯೆ ಮುಂದೆಂದೂ ಇಲ್ಲ ಅನ್ನುವುದು ಅನ್ಯಾಯ. ಆದರೆ ಇಲ್ಲಿ ತಯಾರಿ ಇಲ್ಲದಿದ್ದರೆ ಗಡುವಿನೊಳಗೆ ಪರೀಕ್ಷೆಯಿಂದ ಹೆಸರು ವಾಪಸ್ ತೆಗೆದುಕೊಳ್ಳಬಹುದು, ಅದು ಫೇಲ್ ಅಂತ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ದಿನ ಮೊದಲು ಅನ್ನುವುದು ಒಂದೊಂದು ಕಡೆ ಒಂದೊಂದು ರೀತಿ. ಅದು ನಮ್ಮಲ್ಲೂ ಇದ್ದಿದ್ದರೆ ಚೆನ್ನಾಗಿತ್ತು.

ಬಂದವರು ಇದನ್ನು ತಿಳಿಯದೆ, "ಹೋದರೆ ಮುಂದಿನ ಸಲ ಕ್ಲಿಯರ್ ಮಾಡ್ಕೋತೀನಿ" ಅಂತ ಓದದೆ ಹೋಗಿ ಕೂರುವುದನ್ನು ನೋಡಿದ್ದೇನೆ. ನನ್ನ ಪಕ್ಕದ ರೂಮಿನವನು ಹಾಗೆ ಎರಡು ಸಲ ಸುಮ್ನೆ ಕಳೆದುಕೊಂಡ. ಮೂರನೆಯದಕ್ಕೆ ಎರಡು ತಿಂಗಳು ರೂಮು ಬಿಟ್ಟು ಹೊರಗೆ ಬರಲಿಲ್ಲ. ಪ್ರವೇಶಪತ್ರ ಸಿಕ್ಕ ದಿನವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ ಡೌನ್‌ಲೋಡ್ ಮಾಡಿ, ಎಷ್ಟು ಸಲ ಬರೆಯಬಹುದು ಮತ್ತು ಎಷ್ಟು ದಿನ ಮೊದಲು ಹೆಸರು ತೆಗೆಯಬಹುದು ಅನ್ನುವ ಎರಡು ಸಾಲು ಹುಡುಕಿ ಗುರುತು ಹಾಕಿಕೊಳ್ಳಿ.