ಡೆಮರೇಜ್ ಬಿಲ್ಲನ್ನು ನಾನು ಪರಿಶೀಲಿಸಿದ ಬಗೆ

ಕಲ್ಲಿದ್ದಲು ಆಮದು ಮಾಡಿಕೊಳ್ಳುವ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ಹಡಗು ಮಾಲೀಕರ ಡೆಮರೇಜ್ ಬಿಲ್ಲುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ವೈಟ್‌ಫೀಲ್ಡ್ ಕಂಟೇನರ್ ಡಿಪೊದಲ್ಲಿ ತೆರುವ ಡೆಮರೇಜ್‌ಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸರಕಿಳಿಸುವುದು ತಡವಾದುದಕ್ಕೆ ತೆರುವ ಹಣ ಸಲ್ಲುವುದು ಹಡಗಿನ ಮಾಲೀಕರಿಗೆ, ಅದೂ ಚಾರ್ಟರ್ ಪಾರ್ಟಿ ಎಂಬ ಬಾಡಿಗೆ ಕರಾರಿನ ಪ್ರಕಾರ.

ನವಮಂಗಳೂರು ಬಂದರಿಗೆ ಬಂದ ಒಂದು ಹಡಗಿನ ಲೆಕ್ಕವನ್ನು, ಅಂಕಿಗಳನ್ನು ಸ್ವಲ್ಪ ಸರಳಗೊಳಿಸಿ, ಇಲ್ಲಿ ವಿವರಿಸುತ್ತೇನೆ. ಸರಕು 30,000 ಟನ್. ದಿನಕ್ಕೆ 10,000 ಟನ್ ಇಳಿಸಬೇಕೆಂಬ ಷರತ್ತಿದ್ದುದರಿಂದ ನಮಗೆ ದೊರೆತ ಲೇಟೈಮ್, ಅಂದರೆ ಶುಲ್ಕವಿಲ್ಲದ ಅವಧಿ, 72 ಗಂಟೆ. ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ, ಮಳೆಯಿಂದ ಕೆಲಸ ನಿಂತ ಹೊತ್ತು ಸೇರುವುದಿಲ್ಲ. ಅವಧಿ ಮೀರಿದರೆ ದಿನಕ್ಕೆ 12,000 ಡಾಲರ್.

ಹಡಗು ಸೋಮವಾರ ಬೆಳಿಗ್ಗೆ 10ಕ್ಕೆ ಹೊರಗಡಲಿನಲ್ಲಿ ಲಂಗರು ಹಾಕಿ, ತಾನು ಸಿದ್ಧವೆಂಬ ನೋಟಿಸ್ ಕೊಟ್ಟಿತು. ಸರಕಿಳಿಸಲು ಹಡಗು ನಿಲ್ಲುವ ಜಾಗ, ಅಂದರೆ ಬರ್ತ್, ಖಾಲಿಯಿರಲಿಲ್ಲ. ನಮ್ಮ ಕರಾರು ಜೆನ್‌ಕಾನ್ 1994 ನಮೂನೆಯದು. ಅದರಂತೆ ಮಧ್ಯಾಹ್ನ 12ರೊಳಗೆ ನೋಟಿಸ್ ಬಂದರೆ ಅಂದೇ 1 ಗಂಟೆಗೆ ಲೇಟೈಮ್ ಆರಂಭವಾಗುತ್ತದೆ, ಬರ್ತ್‌ಗಾಗಿ ಕಾಯುವ ಸಮಯವೂ ಬಾಡಿಗೆಗೆ ಪಡೆದವರ ಖಾತೆಗೇ ಬೀಳುತ್ತದೆ. ನಮ್ಮ ಸರಕಿನ ಒಂದು ಟನ್ನೂ ಇಳಿಯದೆ ಬುಧವಾರ ಸಂಜೆ 7ರವರೆಗೆ 54 ಗಂಟೆ ಕರಗಿದ್ದು ಹೀಗೆ.

ಆಮೇಲಿನ ಲೆಕ್ಕದಲ್ಲಿ ತಕರಾರು ಹುಟ್ಟಿತು. ಲಂಗರಿನಿಂದ ಬರ್ತ್‌ಗೆ ಬರಲು ಹಿಡಿದ 3 ಗಂಟೆಯನ್ನು ಅದೇ ನಮೂನೆ ಕೈಬಿಡಲು ಹೇಳುತ್ತದೆ. ಬುಧವಾರ ರಾತ್ರಿ 10ಕ್ಕೆ ಸರಕಿಳಿಸುವ ಕೆಲಸ ಶುರುವಾಗಿ, ಗುರುವಾರ ಬೆಳಗಿನ ಜಾವ 4ರಿಂದ 10ರವರೆಗೆ ಮಳೆಯಿಂದ ನಿಂತಿತ್ತು. ಈ ಎರಡನ್ನೂ ಕಳೆದರೆ ಲೇಟೈಮ್ ಮುಗಿಯುವುದು ಗುರುವಾರ ರಾತ್ರಿ 10ಕ್ಕೆ. ಮಾಲೀಕರು ಯಾವುದನ್ನೂ ಕಳೆಯದೆ ಮಧ್ಯಾಹ್ನ 1ಕ್ಕೇ ಮುಗಿಸಿದ್ದರು. ಕೆಲಸ ಪೂರ್ಣಗೊಂಡದ್ದು ಶನಿವಾರ ಬೆಳಿಗ್ಗೆ 10ಕ್ಕೆ. ಅವರ ಪ್ರಕಾರ 45 ಗಂಟೆಗೆ 22,500 ಡಾಲರ್. ನನ್ನ ಪ್ರಕಾರ 36 ಗಂಟೆಗೆ 18,000.

ಶುಕ್ರವಾರವೂ ಐದು ಗಂಟೆ ಮಳೆ ಸುರಿದಿತ್ತು. ಅದನ್ನೂ ಕಳೆಯಬೇಕೆಂದು ನಮ್ಮ ಖರೀದಿ ವಿಭಾಗದವರು ಪಟ್ಟು ಹಿಡಿದರು, ನಾನು ಒಪ್ಪಲಿಲ್ಲ. ಒಮ್ಮೆ ಡೆಮರೇಜ್ ಶುರುವಾದ ಮೇಲೆ, ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ, ಮಳೆಯ ವಿನಾಯಿತಿ ಅನ್ವಯಿಸುವುದಿಲ್ಲ. ಬರ್ತ್ ಎರಡು ದಿನ ಮೊದಲೇ ಸಿಕ್ಕಿದ್ದರೆ ಆ ಮಳೆ ನಮ್ಮನ್ನು ತಟ್ಟುತ್ತಲೇ ಇರಲಿಲ್ಲ ಎಂಬುದು ನಿಜ, ಆದರೆ ಅದು ವಾದವಾಗದು.

3 ಗಂಟೆಯನ್ನು ಮಾಲೀಕರು ತಕ್ಷಣ ಬಿಟ್ಟುಕೊಟ್ಟರು. ಗುರುವಾರ ಕೆಲಸ ನಿಂತದ್ದು ಮಾತ್ರ ಮಳೆಯಿಂದಲ್ಲ, ಲಾರಿಗಳು ಬಾರದ್ದರಿಂದ ಎಂದು ವಾದಿಸಿದರು. ಬಂದರಿನಲ್ಲಿ ನಡೆದುದನ್ನು ಗಂಟೆಗಂಟೆಗೂ ದಾಖಲಿಸುವ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ‘04:00, ಮಳೆ, ಹ್ಯಾಚ್‌ಗಳನ್ನು ಮುಚ್ಚಲಾಯಿತು’ ಎಂದಿತ್ತು, ಕೆಳಗೆ ಅವರದೇ ಕ್ಯಾಪ್ಟನ್ನರ ಸಹಿಯೂ ಇತ್ತು. ಲಾರಿಗಾಗಿ ಕಾಯುವಾಗ ಯಾರೂ ಹ್ಯಾಚ್, ಅಂದರೆ ಸರಕಿನ ಕೋಣೆಯ ಬಾಯಿ, ಮುಚ್ಚುವುದಿಲ್ಲ ಎಂದು ಉತ್ತರಿಸಿ ಆ ಪುಟವನ್ನು ಕಳಿಸಿದೆ. ಬಿಲ್ಲು 18,000ಕ್ಕೆ ಇತ್ಯರ್ಥವಾಯಿತು. ಹ್ಯಾಚ್ ಮುಚ್ಚಿದ, ತೆರೆದ ಸಮಯವನ್ನು ತಪ್ಪದೆ ಬರೆಸಬೇಕೆಂಬ ಸಾಲನ್ನು ಈಗ ಪ್ರತಿ ಹಡಗಿಗೂ ಮುಂಚೆ ಮಂಗಳೂರಿನ ಏಜೆಂಟರಿಗೆ ಕಳಿಸುತ್ತೇನೆ.