ಎರಡು ವೃತ್ತ ಹಾಕಿದ್ಮೇಲೆ ಬಗೆಹರಿದ ವಕ್ರೀಭವನ

ದ್ವಿತೀಯ ಪಿಯುಸಿಗೆ ಭೌತಶಾಸ್ತ್ರ ಹೇಳುವವರಿಗೆಲ್ಲ ಈ ತಾಪತ್ರಯ ಗೊತ್ತಿರತೈತಿ. n₁ sin i = n₂ sin r ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹುಡುಗರು ಹೇಳತಾರ. ಅದೇ ಗಾಜಿನ ಮೇಲ್ಮೈಯನ್ನು ಸ್ವಲ್ಪ ಓರೆಯಾಗಿ ಬರೆದು, ‘ಈ ಕಿರಣ ಮುಂದೆ ಎಲ್ಲಿ ಹೋಗತೈತಿ’ ಅಂದರೆ ಪೆನ್ಸಿಲ್ ಕೆಳಗಿಟ್ಟು ಕೂರತಾರ. ನಮ್ಮ ಬಾಗಲಕೋಟೆ ಕಡೆ ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರೇ ಹೆಚ್ಚು, ಹಂಗಾಗಿ ಭಾಷೆಯದೇ ತೊಂದರೆ ಅಂತ ಬಹಳ ದಿನ ನಂಬಿದ್ದೆವು. ಕನ್ನಡದಲ್ಲೇ ಹೇಳಿ ನೋಡಿದೆ, ಫರಕು ಬೀಳಲಿಲ್ಲ.

ಒಬ್ಬಾಕಿ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ, ಗಾಜಿನಿಂದ ಹೊರಗ ಬಂದ ಕಿರಣ ದೂರ ಸರದೈತಿ ಅಂತೀರಿ, ನನಗ ಹತ್ರ ಬಂದಂಗ ಕಾಣತೈತಲ್ರಿ.’ ಆಕೆ ನೋಡುತ್ತಿದ್ದದ್ದು ಗಾಜಿನ ಮೇಲ್ಮೈಯನ್ನು. ಮೇಲ್ಮೈ ದಪ್ಪ ಗೆರೆ, ಲಂಬ ಚುಕ್ಕೆ ಗೆರೆ. ಕಣ್ಣು ಮೊದಲು ಹೋಗುವುದು ದಪ್ಪ ಗೆರೆಗೇ. ಲಂಬದಿಂದ ದೂರ ಹೋದ ಕಿರಣ ಮೇಲ್ಮೈಗೆ ಹತ್ತಿರ ಬಂದೇ ಬರತೈತಿ, ಹಂಗಾಗಿ ಆಕೆ ಹೇಳಿದ್ದು ಸುಳ್ಳಲ್ಲ.

ಅಲ್ಲಿಂದ ಬರೆಯುವ ಕ್ರಮವನ್ನೇ ಬದಲು ಮಾಡಿದೆ. ಮೊದಲು ಬಿಂದು O, ಅದರ ಮೂಲಕ ಕೆಂಪು ಸೀಮೆಸುಣ್ಣದಲ್ಲಿ ಲಂಬ. ಆಮೇಲೆ ಅದಕ್ಕೆ ಅಡ್ಡಲಾಗಿ ಮೇಲ್ಮೈ. ಕಿರಣ ಎಲ್ಲಕ್ಕಿಂತ ಕೊನೆಗೆ. ಕೋನದ ಕಮಾನು ಕೆಂಪು ಗೆರೆಯಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಅಂಕ ಇಲ್ಲ ಅಂದೆ. ಕೋನ ಅಳೆಯುವ ಗೊಂದಲ ಇಷ್ಟಕ್ಕೇ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಪೂರ್ಣಾಂತರಿಕ ಪ್ರತಿಫಲನ. ಒಂದು ಕೋನದವರೆಗೆ ಹೊರಗೆ ಬರುತ್ತಿದ್ದ ಕಿರಣ ಆಮೇಲೆ ಏಕಾಏಕಿ ಯಾಕೆ ಒಳಗೇ ತಿರುಗತೈತಿ ಅನ್ನುವುದು ಯಾರಿಗೂ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಕ್ಯಾಲ್ಕುಲೇಟರ್ ‘ಎರರ್’ ಅಂತ ತೋರಿಸತೈತಿ, ಅದಕ್ಕೆ ಅಂತ ಒಬ್ಬ ಬರೆದಿದ್ದ.

ಅದಕ್ಕೆ ಹಿಡಿದ ದಾರಿ ಎರಡು ವೃತ್ತದ ರಚನೆ. ಇದು ನಾನು ಕಂಡುಹಿಡಿದದ್ದಲ್ಲ, ದ್ಯುತಿಶಾಸ್ತ್ರದಲ್ಲಿ ಹಳೇದು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯರೊಬ್ಬರು ನಕ್ಕರು: ‘ಡ್ರಾಯಿಂಗ್ ಕ್ಲಾಸ್ ಏನ್ರಿ ಸರ ಇದು? ಸೂತ್ರ ಹಾಕಿ ಮುಂದ ನಡೀರಿ, ಪೋರ್ಷನ್ ಮುಗೀಬೇಕಲ್ಲ.’ ಈಗ ಅವರ ಸೆಕ್ಷನ್ನಿನ ಹುಡುಗರೂ ಕೈವಾರ ಹಿಡಿದು ಓಡಾಡತಾರ, ಆ ಮಾತು ಬ್ಯಾರೆ.

ಗಾಜಿನ ವಕ್ರೀಭವನ ಸೂಚ್ಯಂಕ 1.5, ಗಾಳಿಯದು 1. ಅಂದರೆ 3ಕ್ಕೆ 2ರ ಪ್ರಮಾಣ. Oದಲ್ಲಿ ಕೈವಾರ ಊರಿ 6 ಸೆಂ.ಮೀ. ತ್ರಿಜ್ಯದ್ದೊಂದು, 4 ಸೆಂ.ಮೀ. ತ್ರಿಜ್ಯದ್ದೊಂದು ವೃತ್ತ ಎಳೆಯಿರಿ. ದೊಡ್ಡದು ಗಾಜಿನದು, ಸಣ್ಣದು ಗಾಳಿಯದು. ಗಾಜು ಕೆಳಗೆ, ಗಾಳಿ ಮೇಲೆ. ಗಾಜಿನೊಳಗಿನಿಂದ ಎಡಗಡೆ ಕೆಳಗಿಂದ ಲಂಬಕ್ಕೆ 30 ಡಿಗ್ರಿಯಲ್ಲಿ ಕಿರಣ Oಗೆ ಬಂತು ಅನ್ನಿ. ಅದನ್ನು ನೇರಕ್ಕೆ ಚುಕ್ಕೆ ಗೆರೆಯಲ್ಲಿ ಮುಂದುವರಿಸಿದರೆ ಮೇಲೆ ಬಲಗಡೆ ದೊಡ್ಡ ವೃತ್ತವನ್ನು ಮುಟ್ಟತೈತಿ. ಆ ಬಿಂದುವಿನ ಮೂಲಕ ಲಂಬಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಲಂಬದಿಂದ ಅದರ ದೂರ ಸರಿಯಾಗಿ 3 ಸೆಂ.ಮೀ. ಗಾಳಿಯ ಕಡೆ ಅದು ಸಣ್ಣ ವೃತ್ತವನ್ನು ಎಲ್ಲಿ ಕತ್ತರಿಸತೈತೋ ಅಲ್ಲಿಗೆ Oದಿಂದ ಗೆರೆ ಹೊಡೆದರೆ ಅದೇ ಹೊರಗಿನ ಕಿರಣ. ಕೋನಮಾಪಕ ಇಟ್ಟು ನೋಡಿದರೆ 48, 49 ಡಿಗ್ರಿ ಬರತೈತಿ, ಲೆಕ್ಕದಲ್ಲಿ 48.6. ಸೈನ್ ಕೋಷ್ಟಕ ಮುಟ್ಟಲೇ ಇಲ್ಲ.

ಈಗ ಪತನ ಕೋನ ಹೆಚ್ಚಿಸುತ್ತ ಹೋಗಿ. 40 ಡಿಗ್ರಿಗೆ ಸಮಾಂತರ ಗೆರೆ ಲಂಬದಿಂದ ಸುಮಾರು 3.9 ಸೆಂ.ಮೀ. ದೂರ ಹೋಗಿ, ಸಣ್ಣ ವೃತ್ತದ ಅಂಚಿನ ಸಮೀಪ ಕತ್ತರಿಸತೈತಿ. ಹೊರಗಿನ ಕಿರಣ ಆಗಲೇ 75 ಡಿಗ್ರಿ ಹತ್ತಿರ ಮಲಗಿರತೈತಿ. 42ರ ಆಸುಪಾಸಿನಲ್ಲಿ ಗೆರೆ ಸಣ್ಣ ವೃತ್ತವನ್ನು ಬರೇ ಸವರತೈತಿ, ಅದೇ ಕ್ರಾಂತಿಕೋನ. 50ಕ್ಕೆ ಗೆರೆ 4.6 ಸೆಂ.ಮೀ. ದೂರದಲ್ಲಿದ್ದು ಸಣ್ಣ ವೃತ್ತಕ್ಕೆ ತಾಗುವುದೇ ಇಲ್ಲ. ತಾಗದಿದ್ದರೆ ಹೊರಗೆ ಕಿರಣವೂ ಇಲ್ಲ. ಅದೇ ಗೆರೆಯನ್ನು ಮೇಲ್ಮೈ ದಾಟಿಸಿ ಕೆಳಗೆ ಗಾಜಿನೊಳಗೆ ಇಳಿಸಿದರೆ ದೊಡ್ಡ ವೃತ್ತವನ್ನು ಮತ್ತೊಮ್ಮೆ ಕತ್ತರಿಸತೈತಿ. Oದಿಂದ ಅಲ್ಲಿಗೆ ಎಳೆದದ್ದು ಪ್ರತಿಫಲಿತ ಕಿರಣ. ‘ಮೇಲೆ ಜಾಗ ಸಿಗಲಿಲ್ಲ, ಕೆಳಗ ಹೋತು’ ಅಂತ ಹಿಂದಿನ ಬೆಂಚಿನವನೇ ಹೇಳಿದ. ಗಾಳಿಯಿಂದ ಗಾಜಿಗೆ ಬರುವ ಕಿರಣ ಯಾಕೆ ಎಂದೂ ಪೂರ್ತಿ ತಿರುಗುವುದಿಲ್ಲ ಅನ್ನುವುದನ್ನೂ ನಾನು ಹೇಳಬೇಕಾಗಲಿಲ್ಲ. ಆಗ ಗೆರೆ ಹೊರಡುವುದು ಸಣ್ಣ ವೃತ್ತದಿಂದ, ದೊಡ್ಡದಕ್ಕೆ ತಾಗಲೇಬೇಕು.

ಒಂದು ಮಾತು ಮಾತ್ರ ಬಾಯಿಬಿಟ್ಟು ಹೇಳಬೇಕು. ಕ್ರಾಂತಿಕೋನಕ್ಕಿಂತ ಕಡಿಮೆ ಇದ್ದಾಗಲೂ ಸ್ವಲ್ಪ ಬೆಳಕು ಒಳಗೆ ತಿರುಗಿಯೇ ತಿರುಗತೈತಿ. ನೇರಕ್ಕೆ ಬಿದ್ದರೆ ಶೇಕಡಾ 4ರಷ್ಟು, ಕ್ರಾಂತಿಕೋನ ಸಮೀಪಿಸಿದಂತೆ ಬಹಳ. ವೃತ್ತದ ಚಿತ್ರ ದಿಕ್ಕು ತೋರಿಸತೈತಿ, ಎಷ್ಟು ಬೆಳಕು ಅನ್ನುವುದನ್ನು ತೋರಿಸುವುದಿಲ್ಲ. ಇದನ್ನು ಹೇಳದೆ ಲೇಸರ್ ಹಚ್ಚಿದರೆ ಹುಡುಗರು ಎರಡು ಕಿರಣ ಕಂಡು ಗಾಬರಿಯಾಗತಾರ.

ಲೇಸರಿನ ಕಥೆಗೆ ರೊಕ್ಕ ಹೋಯಿತು. ಅರ್ಧವೃತ್ತದ ಗಾಜಿನ ತುಂಡು ತರಿಸಲು ಸಾವಿರದ ಮೇಲೆ ಕೊಟ್ಟೆ, ಬರುವಾಗಲೇ ಮೂಲೆ ಒಡೆದಿತ್ತು, ವಾಪಸ್ ತಗೊಳ್ಳಲಿಲ್ಲ. ಲ್ಯಾಬಿನ ಆಯತಾಕಾರದ ಸ್ಲ್ಯಾಬಿನಲ್ಲಿ ಎದುರು ಮುಖದಿಂದ ಪ್ರತಿಫಲನ ತೋರಿಸಲು ಹೋದವರು ಸೋತೇ ಸೋಲತಾರ. ಒಳಗೆ ಹೊಕ್ಕ ಕಿರಣ ಲಂಬಕ್ಕೆ 42 ಡಿಗ್ರಿ ಮೀರಲಾರದು, ಎದುರು ಮುಖ ಸಮಾಂತರ, ಅಲ್ಲಿಂದ ಹೊರಗೆ ಬಂದೇ ಬರತೈತಿ. ಕಡೆಗೆ ಕೈಹಿಡಿದದ್ದು ಉಪ್ಪಿನಕಾಯಿಯ ದುಂಡನೆಯ ಪಾರದರ್ಶಕ ಡಬ್ಬಿ. ಅರ್ಧ ನೀರು, ಎರಡು ಹನಿ ಹಾಲು, ಮುಚ್ಚಳ ಬಿಗಿದು ಅಡ್ಡ ಮಲಗಿಸಿ. ತಳಕ್ಕೆ ಕಾಗದದ ಕೋನಮಾಪಕ ಅಂಟಿಸಿ, ಅದರ ನಡು ನೀರಿನ ಮಟ್ಟಕ್ಕೆ ಇರಲಿ. ಕೆಳಗಿನ ಬಾಗಿದ ಬದಿಯಿಂದ ಕೇಂದ್ರಕ್ಕೆ ಗುರಿಯಿಟ್ಟ ಲೇಸರ್ ತ್ರಿಜ್ಯದ ದಾರಿಯಲ್ಲೇ ಹೋಗತೈತಿ. ತ್ರಿಜ್ಯವೇ ಅಲ್ಲಿ ಲಂಬ, ಆದ್ದರಿಂದ ಒಳಗೆ ಹೋಗುವಾಗ ಬಾಗುವುದಿಲ್ಲ. ನೀರಿಗೆ ವೃತ್ತಗಳು 4ಕ್ಕೆ 3, ತಿರುಗುವುದು 49ರ ಹತ್ತಿರ. ಕಿರಣ ಯಾರ ಕಣ್ಣ ಕಡೆಗೂ ತಿರುಗದಂತೆ ಹಿಂದೆ ಕರೀ ರಟ್ಟು ನಿಲ್ಲಿಸಿ. ಸಂತೆಯಲ್ಲಿ ತಂದ ಲೇಸರ್ ಸೇರಿ ಇನ್ನೂರರೊಳಗೆ ಮುಗಿಯಿತು. ಲೇಸರ್ ಕೇಂದ್ರ ತಪ್ಪದಂತೆ ಹೆಂಗ ತಿರುಗಿಸತೀನಿ ಅನ್ನುವುದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ, ಜಿಲ್ಲಾ ಪ್ರದರ್ಶನ ಮುಗಿದ ಮೇಲೆ ಹೇಳತೀನಿ.

ಆ ಸ್ಲ್ಯಾಬು ಇನ್ನೊಂದಕ್ಕೆ ಬಂತು. ನಾಣ್ಯದ ಮೇಲೆ ಸ್ಲ್ಯಾಬ್ ಇಟ್ಟು ಪಕ್ಕದ ಮುಖದಿಂದ ನೋಡಿರಿ, ನಾಣ್ಯ ಕಾಣುವುದಿಲ್ಲ. ತಳದಿಂದ ಹೊಕ್ಕ ಕಿರಣ ಲಂಬಕ್ಕೆ ಹೆಚ್ಚೆಂದರೆ 42 ಡಿಗ್ರಿ. ಪಕ್ಕದ ಮುಖದ ಲಂಬ ತಳದ ಲಂಬಕ್ಕೆ 90 ಡಿಗ್ರಿ ತಿರುಗಿರುವುದರಿಂದ ಅಲ್ಲಿ ಪತನ ಕೋನ ಕನಿಷ್ಠ 48. ಯಾವ ಕಿರಣಕ್ಕೂ ಹೊರದಾರಿ ಇಲ್ಲ. ನಾಣ್ಯದ ಮೇಲೆ ನಾಲ್ಕು ಹನಿ ನೀರು ಬಿಟ್ಟು ಗಾಳಿ ಉಳಿಯದಂತೆ ಸ್ಲ್ಯಾಬ್ ಒತ್ತಿದರೆ ನಾಣ್ಯ ಹಾಜರ್. ನೀರಿನಿಂದ ಗಾಜಿಗೆ ಇನ್ನೂ ಓರೆಯಾಗಿ, 60 ಡಿಗ್ರಿ ದಾಟಿ ಹೊಕ್ಕ ಕಿರಣಗಳು ಪಕ್ಕದ ಮುಖವನ್ನು 30ರೊಳಗೆ ಮುಟ್ಟಿ ಹೊರಬೀಳತಾವ. ಈ ಚಿತ್ರದಲ್ಲಿ ಎರಡು ಕೆಂಪು ಗೆರೆ ಬೇಕು. ಒಂದೇ ಎಳೆದವರು ಇಲ್ಲೇ ಸಿಕ್ಕಿಬೀಳತಾರ.

ಈ ರಚನೆ ಕೈಕೊಡುವುದು ಆಪ್ಟಿಕಲ್ ಫೈಬರಿಗೆ. ತಿರುಳು 1.48, ಹೊದಿಕೆ 1.46 ಅನ್ನಿ. 14.8 ಮತ್ತು 14.6 ಸೆಂ.ಮೀ. ವೃತ್ತ ಎಳೆದರೆ ನಡುವೆ ಉಳಿಯುವುದು 2 ಮಿಲಿಮೀಟರ್, ಗೆರೆ ಎಲ್ಲಿ ಸವರಿತು ಅನ್ನುವುದು ಪೆನ್ಸಿಲ್ ದಪ್ಪದಲ್ಲೇ ಮುಚ್ಚಿಹೋಗತೈತಿ. ಅಲ್ಲಿ ಕ್ಯಾಲ್ಕುಲೇಟರೇ ಗತಿ; 80.6 ಡಿಗ್ರಿ ಬರತೈತಿ.