ಕೈಯಲ್ಲಿದ್ದರೂ ಕೊಡಬಾರದ ರಿಸೋರ್ಸ್: ಬ್ಯಾಂಕರ್ಸ್ ಅಲ್ಗಾರಿದಮ್ ಲೆಕ್ಕ ನಾನು ಮಾಡಿದ ಬಗೆ

ಆಪರೇಟಿಂಗ್ ಸಿಸ್ಟಮ್ ಅಸೈನ್‌ಮೆಂಟಿನಲ್ಲಿ ಬ್ಯಾಂಕರ್ಸ್ ಅಲ್ಗಾರಿದಮ್ ಬಂದರೆ ಸೇಫ್ ಸೀಕ್ವೆನ್ಸ್, ಅಂದರೆ ಎಲ್ಲ ಪ್ರೊಸೆಸ್‌ಗಳೂ ಒಂದರ ನಂತರ ಒಂದು ಮುಗಿಯಬಲ್ಲ ಕ್ರಮ, ಬರೆದು ಮುಂದಿನ ಪ್ರಶ್ನೆಗೆ ಹೋಗುವವರೇ ಹೆಚ್ಚು. ನನಗೆ ಅದು ನಿಜವಾಗಿ ಅರ್ಥವಾದದ್ದು ಅದರ ನಂತರದ ಭಾಗದಲ್ಲಿ. ಒಂದು ಪ್ರೊಸೆಸ್ ರಿಸೋರ್ಸ್ ಕೇಳುತ್ತದೆ, ಸಿಸ್ಟಮ್ ಹತ್ತಿರ ಅದು ಇದೆ, ಆದರೂ ಈಗ ಕೊಡಬೇಡ ಎನ್ನುತ್ತದೆ ಲೆಕ್ಕ. ಆ ಒಂದು ನಿರಾಕರಣೆಯನ್ನು ಇಲ್ಲಿ ಪೂರ್ತಿ ಬಿಡಿಸಿಡುತ್ತೇನೆ.

ಪ್ರೊಸೆಸ್‌ಗಳು ಒಂದರ ರಿಸೋರ್ಸ್‌ಗೆ ಇನ್ನೊಂದು ಕಾಯುತ್ತಾ ನಿಂತೇಬಿಡುವ ಡೆಡ್‌ಲಾಕ್ ತಪ್ಪಿಸಲು ಇದನ್ನು 1960ರ ದಶಕದಲ್ಲಿ ರೂಪಿಸಿದವರು ಡೈಕ್‌ಸ್ಟ್ರಾ. ಹೆಸರಿನಲ್ಲೇ ಯೋಚನೆ ಇದೆ: ಬ್ಯಾಂಕಿನವನು ಪ್ರತಿ ಗ್ರಾಹಕನಿಗೂ ಸಾಲದ ಒಂದು ಮಿತಿ ಒಪ್ಪಿರುತ್ತಾನೆ. ಯಾರಾದರೊಬ್ಬರಿಗೆ ಪೂರ್ತಿ ಮಿತಿಯವರೆಗೆ ಕೊಟ್ಟು, ಅವರಿಂದ ವಾಪಸ್ ಪಡೆದು, ಮುಂದಿನವರಿಗೆ ಕೊಡುವಷ್ಟು ಹಣ ಯಾವಾಗಲೂ ಅವನ ಕೈಯಲ್ಲಿರಬೇಕು.

ನಾನು ಎರಡೇ ಬಗೆಯ ರಿಸೋರ್ಸ್ ಇಟ್ಟುಕೊಂಡೆ. A ಒಟ್ಟು 10, B ಒಟ್ಟು 7.

```
      Allocation   Max     Need
       A  B        A  B    A  B
P0     2  1        7  3    5  2
P1     3  1        4  3    1  2
P2     2  2        8  3    6  1
P3     1  1        3  5    2  4
```

ಅಲೊಕೇಶನ್ ಎಂದರೆ ಪ್ರೊಸೆಸ್ ಬಳಿ ಈಗಾಗಲೇ ಇರುವುದು, ಮ್ಯಾಕ್ಸ್ ಎಂದರೆ ಅದು ಒಟ್ಟು ಕೇಳಬಹುದಾದ ಗರಿಷ್ಠ, ನೀಡ್ ಎಂದರೆ ಮ್ಯಾಕ್ಸ್‌ನಿಂದ ಅಲೊಕೇಶನ್ ಕಳೆದದ್ದು. ಈಗಾಗಲೇ ಹಂಚಿರುವುದನ್ನು ಕೂಡಿದರೆ (8,5), ಹಾಗಾಗಿ ಉಳಿದಿರುವುದು (2,2). ಇದನ್ನೇ ವರ್ಕ್ ಎಂದು ಇಟ್ಟುಕೊಂಡು ಆರಂಭಿಸಿದೆ.

ಯಾರ ನೀಡ್ (2,2)ರೊಳಗೆ ಬರುತ್ತದೆ? A, B ಎರಡೂ ಒಟ್ಟಿಗೆ ಹೊಂದಬೇಕು. P1ಗೆ ಬೇಕಾದ್ದು (1,2), ಅದು ಮಾತ್ರ ಮುಗಿಯಬಲ್ಲದು. ಮುಗಿದ ಮೇಲೆ ತನ್ನ ಹತ್ತಿರವಿದ್ದ (3,1)ನ್ನು ಬಿಟ್ಟುಕೊಡುತ್ತದೆ, ವರ್ಕ್ (5,3) ಆಗುತ್ತದೆ. ಹಲವರ ಲೆಕ್ಕ ದಾರಿ ತಪ್ಪುವುದು ಇಲ್ಲೇ: ವರ್ಕ್‌ಗೆ ಅಲೊಕೇಶನ್ ಕೂಡಿಸುವ ಬದಲು ನೀಡ್ ಕೂಡಿಸಿಬಿಡುತ್ತಾರೆ. ನೀಡ್‌ನಷ್ಟು ನಾವೇ ಕೊಟ್ಟದ್ದು ವಾಪಸ್ ಬಂತು ಅಷ್ಟೆ, ಹೊಸದಾಗಿ ಸಿಕ್ಕಿದ್ದು ಮೊದಲೇ ಅದರ ಬಳಿ ಇದ್ದದ್ದು.

(5,3)ರಲ್ಲಿ P2ಗೆ A ಸಾಲದು, P3ಗೆ B ಸಾಲದು. P0ಗೆ (5,2) ಸಾಕು. ಅದು ಮುಗಿದರೆ (7,4). ಈಗ P2, P3 ಎರಡಕ್ಕೂ ದಾರಿ ಇದೆ. P2 ತೆಗೆದುಕೊಂಡೆ, (9,6) ಆಯಿತು. ಕೊನೆಗೆ P3, ವರ್ಕ್ (10,7). ಇದು ಆರಂಭದ ಒಟ್ಟು ಸಂಖ್ಯೆಗೇ ಬಂದು ನಿಲ್ಲಬೇಕು. ನಿಲ್ಲದಿದ್ದರೆ ನಡುವೆ ಎಲ್ಲೋ ಕೂಡುವಾಗ ತಪ್ಪಾಗಿದೆ ಎಂದರ್ಥ. ನಾನು ಪ್ರತಿ ಲೆಕ್ಕದಲ್ಲೂ ಇದನ್ನು ನೋಡಿಕೊಳ್ಳುತ್ತೇನೆ.

ಸೀಕ್ವೆನ್ಸ್ P1, P0, P2, P3. ಪಕ್ಕದವರು P3ಯನ್ನು P2ಗಿಂತ ಮೊದಲು ಬರೆದಿದ್ದರೆ ಅದೂ ಸರಿಯೇ. ಯಾರು ಮುಗಿದರೂ ವರ್ಕ್ ಕಡಿಮೆಯಾಗುವುದಿಲ್ಲವಾದ್ದರಿಂದ, ಮೊದಲು ಸಿಕ್ಕಿದವರನ್ನು ಆರಿಸಿಕೊಂಡು ಮುಂದೆ ಸಿಕ್ಕಿಬೀಳುವ ಭಯವಿಲ್ಲ. ಹಿಂದಕ್ಕೆ ಹೋಗಿ ಬೇರೆ ಕ್ರಮ ಹುಡುಕಬೇಕಾಗಿಯೂ ಇಲ್ಲ.

ಈಗ ಮುಖ್ಯ ಭಾಗ. P3 ಇನ್ನೊಂದು B ಕೇಳುತ್ತದೆ, ಅಂದರೆ (0,1). ಅದರ ನೀಡ್‌ಗಿಂತ ಹೆಚ್ಚಲ್ಲ, ನಮ್ಮಲ್ಲಿ ಎರಡು B ಇವೆ. ಕೊಟ್ಟೆವು ಎಂದುಕೊಂಡು ಪಟ್ಟಿ ತಿದ್ದಿ ನೋಡಿದೆ. ಉಳಿದದ್ದು (2,1), P3ಯ ನೀಡ್ (2,3). P0, P1, P3 ಮೂರಕ್ಕೂ ಕನಿಷ್ಠ ಎರಡು B ಬೇಕು. P2ಗೆ ಒಂದು B ಸಾಕು, ಆದರೆ A ಆರು ಬೇಕು. ಒಂದೂ ಮುಗಿಯುವುದಿಲ್ಲ. ಸ್ಟೇಟ್ ಅನ್‌ಸೇಫ್. ಪಟ್ಟಿಯನ್ನು ಮೊದಲಿದ್ದಂತೆ ಮಾಡಿ P3ಯನ್ನು ಕಾಯಿಸಬೇಕು.

ಅದೇ ಒಂದು Bಯನ್ನು P1 ಕೇಳಿದ್ದರೆ? ಆಗಲೂ ಉಳಿಯುವುದು (2,1)ನೇ. ಆದರೆ P1ರ ನೀಡ್ (1,1)ಕ್ಕೆ ಇಳಿದಿರುತ್ತದೆ, ಅದು ಮುಗಿದು ಎಲ್ಲವನ್ನೂ ಬಿಡುತ್ತದೆ, ವರ್ಕ್ ಮತ್ತೆ (5,3). ಅಲ್ಲಿಂದ ಹಳೆಯ ದಾರಿಯೇ. ವಸ್ತು ಅದೇ, ಉಳಿಕೆಯೂ ಅದೇ, ಕೇಳಿದವರು ಬೇರೆ ಆದದ್ದಕ್ಕೆ ಉತ್ತರ ಬೇರೆ. ಎಷ್ಟಿದೆ ಎಂಬುದಷ್ಟನ್ನೇ ನೋಡಿ ನಿರ್ಧರಿಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಅಸೈನ್‌ಮೆಂಟಿನ ಕೊನೆಯ ಪ್ರಶ್ನೆ: P3ಗೆ ಕೊಟ್ಟೇಬಿಟ್ಟಿದ್ದರೆ ಡೆಡ್‌ಲಾಕ್ ಆಗಿಬಿಡುತ್ತಿತ್ತೇ? ಆಗಲೇಬೇಕೆಂದಿಲ್ಲ ಎಂದು ಬರೆದೆ. ಮ್ಯಾಕ್ಸ್ ಎಂಬುದು ಪ್ರೊಸೆಸ್ ಮೊದಲೇ ಹೇಳಿಟ್ಟ ಗರಿಷ್ಠ ಮಿತಿ, ಅಷ್ಟನ್ನೂ ಅದು ಕೇಳಲೇಬೇಕೆಂದಿಲ್ಲ. P1 ಇನ್ನೇನೂ ಕೇಳದೆ ಮುಗಿದರೆ ವರ್ಕ್ (5,2) ಆಗಿ P0ಗೆ ದಾರಿ ತೆರೆಯುತ್ತದೆ, ಅದರ ಹಿಂದೆ ಉಳಿದವರಿಗೂ. ಆದರೆ ಎಲ್ಲರೂ ತಮ್ಮ ಮಿತಿಯಷ್ಟನ್ನೂ ಒಂದೇ ಹೊತ್ತಿಗೆ ಕೇಳಿದರೆ ಸಿಸ್ಟಮ್ ಕೈಯಲ್ಲಿ ಉಪಾಯ ಉಳಿಯುವುದಿಲ್ಲ. ಈ ಮ್ಯಾಕ್ಸ್ ಮೊದಲೇ ಗೊತ್ತಿರಬೇಕು ಎಂಬ ಷರತ್ತಿನಿಂದಲೇ ನಾವು ದಿನವೂ ಬಳಸುವ ಲಿನಕ್ಸ್‌ನಂಥ ಸಿಸ್ಟಮ್‌ಗಳು ಪ್ರೊಸೆಸ್‌ಗಳನ್ನು ಹೀಗೆ ನಿಭಾಯಿಸುವುದಿಲ್ಲ. ಅಲ್ಲಿ ಪ್ರೊಸೆಸ್‌ಗಳು ಬರುತ್ತಾ ಹೋಗುತ್ತಾ ಇರುತ್ತವೆ, ತನಗೆ ಕೊನೆಗೆ ಎಷ್ಟು ಬೇಕಾಗುತ್ತದೆಂದು ಯಾವುದೂ ಮೊದಲೇ ಹೇಳಿ ಬರುವುದಿಲ್ಲ.